ರಜೆ ಯಾರಿಗೆ ಟೀಚರ್?

ಮಳೆಗಾಲ ಬಂತೆಂದರೆ ಕರಾವಳಿಯ ಶಾಲೆಗಳಲ್ಲಿ ರಾತ್ರಿ ಎಂಟರ ನಂತರ ಮುಖ್ಯೋಪಾಧ್ಯಾಯರ ಫೋನು ಸುಮ್ಮನಿರುವುದಿಲ್ಲ. 'ರಜೆ ಉಂಟಾ ಟೀಚರ್?' ಜಿಲ್ಲಾಧಿಕಾರಿಗಳ ಆದೇಶ ಬರುವ ಮೊದಲು ಐವತ್ತು ಕರೆ. ಅದು ಸಹಜ, ಬಿಡಿ. ಆದೇಶ ಬಂದು, ನಾವು ಸುತ್ತೋಲೆ ಹಾಕಿದ ಮೇಲೂ ಇನ್ನೈವತ್ತು ಕರೆ ಬಂದರೆ ತಪ್ಪು ನಮ್ಮ ಸುತ್ತೋಲೆಯದ್ದು.

ಈಗ ನಿವೃತ್ತಳಾಗಿದ್ದೇನೆ. ಹೊಸ ಮುಖ್ಯೋಪಾಧ್ಯಾಯರು ಆಗಾಗ ತಾವು ಬರೆದದ್ದನ್ನು 'ಒಮ್ಮೆ ನೋಡಿ ಮೇಡಂ' ಎಂದು ಕಳಿಸುತ್ತಾರೆ. ಹತ್ತರಲ್ಲಿ ಎಂಟು ಹೀಗೇ ಇರುತ್ತವೆ: 'ಭಾರೀ ಮಳೆಯ ಕಾರಣ ನಾಳೆ ಶಾಲೆಗೆ ರಜೆ ಇರುತ್ತದೆ.' ಒಂದೇ ಸಾಲು, ನೋಡಲು ಚೆಂದ. ಆದರೆ ಅದರಲ್ಲಿ 'ನಾಳೆ' ಎಂದರೆ ಯಾವತ್ತು, 'ಶಾಲೆಗೆ' ಎಂದರೆ ಯಾರಿಗೆ, ಎರಡೂ ಗೊತ್ತಾಗುವುದಿಲ್ಲ.

'ನಾಳೆ'ಯದ್ದು ಸುಲಭದ ತಪ್ಪು. ರಾತ್ರಿ ಹನ್ನೊಂದಕ್ಕೆ ಹಾಕಿದ ಸಂದೇಶವನ್ನು ಅಪ್ಪ ಬೆಳಿಗ್ಗೆ ಆರಕ್ಕೆ ಓದುತ್ತಾನೆ. ಅವನ ನಾಳೆ ಬೇರೆ. ರಜೆಯ ದಿನ ಮಗು ಕೊಡೆ ಹಿಡಿದು ಗೇಟಿನ ಹತ್ತಿರ ನಿಂತಿರುತ್ತದೆ, ಮರುದಿನ ಶಾಲೆ ಇರುವಾಗ ಮನೆಯಲ್ಲಿರುತ್ತದೆ. 2024ರ ಡಿಸೆಂಬರ್ 26ರ ರಾತ್ರಿ ಡಾ. ಮನಮೋಹನ್ ಸಿಂಗ್ ತೀರಿಕೊಂಡರು, ಮರುದಿನ ಶುಕ್ರವಾರ ಸರ್ಕಾರ ರಜೆ ಕೊಟ್ಟಿತು. ಅಂಥ ಸುದ್ದಿಯನ್ನು ನಡುರಾತ್ರಿ ದಾಟಿದ ಮೇಲೆ ಗ್ರೂಪಿಗೆ ಹಾಕುವವರು 'ನಾಳೆ' ಎಂದು ಬರೆದರೆ ಲೆಕ್ಕಕ್ಕೆ ಅದು ಶನಿವಾರವೇ ಆಗುತ್ತದಲ್ವಾ? ತಾರೀಕು ಬರೆಯಿರಿ, ವಾರ ಬರೆಯಿರಿ, ಇಸವಿಯನ್ನೂ ಬರೆಯಿರಿ. ಹೋದ ವರ್ಷದ ರಜೆಯ ಸಂದೇಶವನ್ನು ಈ ವರ್ಷ ಫಾರ್ವರ್ಡ್ ಮಾಡುವ ಪುಣ್ಯಾತ್ಮರು ಎಲ್ಲ ಊರಿನಲ್ಲೂ ಇದ್ದಾರೆ.

ನನ್ನ ತಾಳ್ಮೆ ಪರೀಕ್ಷಿಸುವುದು ಎರಡನೆಯದು. ರಜೆ ಎಂಬ ಪದವನ್ನು ಪೋಷಕರು ಓದುವುದು ಒಂದು ರೀತಿ, ಸಿಬ್ಬಂದಿ ಓದುವುದು ಇನ್ನೊಂದು ರೀತಿ. ಪೋಷಕರಿಗೆ ರಜೆ ಎಂದರೆ ಮಗು ಮನೆಯಲ್ಲಿ. ಅಷ್ಟೇ. ಟೀಚರಿಗೆ ಅದು ಎರಡು ಬೇರೆ ವಿಷಯ: ಮಕ್ಕಳಿಲ್ಲ ಎಂಬುದು ಒಂದು, ನಾನೂ ಬರಬೇಕಾಗಿಲ್ಲ ಎಂಬುದು ಇನ್ನೊಂದು. ಮೊದಲನೆಯದು ನಿಜವಾದ ಮಾತ್ರಕ್ಕೆ ಎರಡನೆಯದು ನಿಜವಾಗಬೇಕಿಲ್ಲ. ಶೋಕಾಚರಣೆಯ ಸರ್ಕಾರಿ ರಜೆಯಲ್ಲಿ ಕಚೇರಿಗಳೂ ಮುಚ್ಚುವುದರಿಂದ ಗೊಂದಲ ಕಡಿಮೆ. ಮಳೆ ರಜೆಯ ದಿನ ಸರ್ಕಾರಿ ಕಚೇರಿಗಳು ತೆರೆದೇ ಇರುತ್ತವೆ. ಆದೇಶದಲ್ಲಿ 'ವಿದ್ಯಾರ್ಥಿಗಳಿಗೆ' ಎಂದಿದೆಯೋ, 'ಶಾಲೆಗಳಿಗೆ' ಎಂದಿದೆಯೋ, ಯಾವ ತಾಲೂಕು, ಯಾವ ತರಗತಿಯವರೆಗೆ, ಇದನ್ನು ಕಣ್ಣಿಟ್ಟು ಓದಬೇಕು. ಸಿಬ್ಬಂದಿಯ ಮಾತೇ ಇಲ್ಲದಿದ್ದರೆ ಬಿಇಒ ಕಚೇರಿಗೆ, ಖಾಸಗಿ ಶಾಲೆಯಾದರೆ ಆಡಳಿತ ಮಂಡಳಿಗೂ, ಒಂದು ಕರೆ ಮಾಡಿ ಕೇಳಿ. ಟಿವಿಯ ಪಟ್ಟಿ ನೋಡಿ ನೀವೇ ತೀರ್ಮಾನಿಸಬೇಡಿ.

ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. ಜಾಣತನ ಮಾಡಿ ಒಮ್ಮೆ ಎರಡು ಸಂದೇಶ ಬರೆದೆ. ಪೋಷಕರಿಗೆ 'ರಜೆ' ಎಂದು, ಸಿಬ್ಬಂದಿಗೆ 'ನಾಳೆ ಎಲ್ಲರೂ 9 ಗಂಟೆಗೆ ಹಾಜರಿರಬೇಕು' ಎಂದು. ಒಬ್ಬರು ಟೀಚರ್, ಪಾಪ, ಎರಡನೆಯದನ್ನು ಅವಸರದಲ್ಲಿ ತಮ್ಮ ತರಗತಿಯ ಗ್ರೂಪಿಗೆ ಹಾಕಿಬಿಟ್ಟರು. ರಜೆ ರದ್ದಾಗಿದೆ ಎಂದುಕೊಂಡು ಆ ಮಳೆಯಲ್ಲಿ ಹದಿನೆಂಟು ಮಕ್ಕಳು ಬಂದರು. ವ್ಯಾನಿನ ಚಾಲಕರು ಪೋಷಕರ ಗ್ರೂಪಿನಲ್ಲೂ ಇಲ್ಲ, ಟೀಚರ್‌ಗಳ ಗ್ರೂಪಿನಲ್ಲೂ ಇಲ್ಲ. ಅವರು ಆರೂಕಾಲಿಗೇ ಹೊರಟು ಮೊದಲ ಸ್ಟಾಪಿನಲ್ಲಿ ಹಾರ್ನ್ ಹೊಡೆಯುತ್ತಿದ್ದರು. ಅಡುಗೆಯ ಅಕ್ಕನ ಹತ್ತಿರ ಇದ್ದದ್ದು ಬಟನ್ ಫೋನು. ಅವರು ತರಕಾರಿ ತಂದು ಹೆಚ್ಚಿಯೂ ಆಗಿತ್ತು. ಬಂದ ಮಕ್ಕಳಿಗೆ ಅವತ್ತು ಸಾಂಬಾರು ಸಿಕ್ಕಿತು ಎನ್ನುವುದೊಂದೇ ಸಮಾಧಾನ.

ಅಂದಿನಿಂದ ನನ್ನದು ಒಂದೇ ಹಾಳೆ, ಎರಡು ಭಾಗ. ಎಲ್ಲಿ ಫಾರ್ವರ್ಡ್ ಆದರೂ ಎರಡೂ ಒಟ್ಟಿಗೇ ಹೋಗುತ್ತವೆ. ಹೀಗೆ:

*ಸುತ್ತೋಲೆ. 15-07-2026, ಬುಧವಾರ, ರಾತ್ರಿ 8.30*

*ಭಾರೀ ಮಳೆಯ ಕಾರಣ, ಜಿಲ್ಲಾಧಿಕಾರಿಗಳ ಆದೇಶದಂತೆ 16-07-2026, ಗುರುವಾರ ಒಂದು ದಿನ ನಮ್ಮ ಶಾಲೆಯ ಎಲ್‌ಕೆಜಿಯಿಂದ 10ನೇ ತರಗತಿವರೆಗಿನ ಎಲ್ಲ ಮಕ್ಕಳಿಗೆ ರಜೆ.*

*ಪೋಷಕರಿಗೆ: ಗುರುವಾರ ಶಾಲಾ ವ್ಯಾನ್ ಬರುವುದಿಲ್ಲ. ಅಂದಿನ ಗಣಿತ ಕಿರುಪರೀಕ್ಷೆ ನಡೆಯುವುದಿಲ್ಲ. 17-07-2026, ಶುಕ್ರವಾರ ಶಾಲೆ ಎಂದಿನಂತೆ ಇರುತ್ತದೆ. ಬದಲಾವಣೆಯಾದರೆ ಹೊಸ ಸುತ್ತೋಲೆ ಬರುತ್ತದೆ.*

*ಸಿಬ್ಬಂದಿಗೆ: ಗುರುವಾರ ಶಿಕ್ಷಕರು, ವ್ಯಾನ್ ಚಾಲಕರು, ಆಯಾ, ಅಡುಗೆಯವರು ಬರಬೇಕಾಗಿಲ್ಲ. ಕಚೇರಿ 10ರಿಂದ 1ರವರೆಗೆ ತೆರೆದಿರುತ್ತದೆ, ಗುಮಾಸ್ತರು ಮಾತ್ರ ಬರಬೇಕು. ಕಾವಲುಗಾರರ ಕೆಲಸ ಎಂದಿನಂತೆ.*

*ಮುಖ್ಯೋಪಾಧ್ಯಾಯಿನಿ*

ಸಿಬ್ಬಂದಿ ಬರಬೇಕೆಂದಿದ್ದರೆ ಕೊನೆಯ ಭಾಗ ಬದಲಾಗುತ್ತದೆ: 'ಮಕ್ಕಳಿಗೆ ಮಾತ್ರ ರಜೆ. ಶಿಕ್ಷಕರು 10 ಗಂಟೆಗೆ ಬರಬೇಕು. ರಸ್ತೆಯಲ್ಲಿ ನೀರು ನಿಂತಿದ್ದರೆ ಹೊರಡಬೇಡಿ, ನನಗೆ ಫೋನ್ ಮಾಡಿ.' ಆ ಕೊನೆಯ ವಾಕ್ಯ ಬಿಡಬೇಡಿ. ಎರಡು ಬಸ್ಸು ಬದಲಾಯಿಸಿ ಬರುವ ಟೀಚರ್‌ಗಳಿದ್ದಾರೆ. ಹಾಜರಿ ಪುಸ್ತಕಕ್ಕೆ ಹೆದರಿ ಹೊರಟೇಬಿಡುತ್ತಾರೆ.

ಶುಕ್ರವಾರದ ಸಾಲು ಯಾಕೆ ಎಂದು ಕೇಳುತ್ತಾರೆ. ರಜೆ ಯಾವಾಗ ಮುಗಿಯುತ್ತದೆ ಎಂದು ಹೇಳದಿದ್ದರೆ ಗುರುವಾರ ರಾತ್ರಿ ಮತ್ತೆ ಐವತ್ತು ಕರೆ, ಅದಕ್ಕೆ. ಆದರೆ 'ಖಂಡಿತ ಇರುತ್ತದೆ' ಎನ್ನಬೇಡಿ, 'ಬದಲಾವಣೆ ಇದ್ದರೆ ರಾತ್ರಿ 8ರೊಳಗೆ ತಿಳಿಸುತ್ತೇವೆ' ಎಂದೂ ಮಾತು ಕೊಡಬೇಡಿ. ಆದೇಶ ಹತ್ತು ಗಂಟೆಗೆ ಬಂದರೆ ಏನು ಮಾಡುತ್ತೀರಿ? ಈ ರಜೆಗೆ ಬದಲಾಗಿ ಯಾವ ಶನಿವಾರ ಮಧ್ಯಾಹ್ನ ತರಗತಿ ಎಂಬುದನ್ನೂ ಇಲ್ಲಿ ತುರುಕಬೇಡಿ. ಸುತ್ತೋಲೆಯ ತಾರೀಕು ಬಿಟ್ಟರೆ ಓದುವವರ ಕಣ್ಣಿಗೆ ಎರಡು ತಾರೀಕು ಸಾಕು. ಮೂರನೆಯದು ಬಂದರೆ ಯಾರಾದರೂ ಆ ಶನಿವಾರವೇ ರಜೆ ಎಂದು ಓದುತ್ತಾರೆ. ಸುಮ್ನೆ ಹೇಳುತ್ತಿಲ್ಲ, ಓದಿದ್ದಾರೆ.

ಸಹಿ ಹಾಕಿದ ಲೆಟರ್‌ಹೆಡ್ಡಿನ ಫೋಟೋ ಹಾಕಿ, ಅದರ ಕೆಳಗೆ ಅದೇ ಮಾತನ್ನು ಟೈಪ್ ಮಾಡಿಯೂ ಹಾಕಿ. ಫೋಟೋ ನಂಬಿಕೆಗೆ, ಅಕ್ಷರ ಓದುವುದಕ್ಕೆ. ಚಾಲಕರಿಗೂ ಅಡುಗೆಯವರಿಗೂ ಯಾರು ಕರೆ ಮಾಡಬೇಕು ಎಂದು ಜೂನ್‌ನಲ್ಲೇ ಹೆಸರು ಗೊತ್ತು ಮಾಡಿಡಿ. ನಮ್ಮಲ್ಲಿ ದೈಹಿಕ ಶಿಕ್ಷಕರು ಮಾಡುತ್ತಿದ್ದರು, ಅವರ ಗಂಟಲು ದೊಡ್ಡದು.

ಎಲ್ಲಕ್ಕಿಂತ ಕಷ್ಟದ್ದು ಬೆಳಿಗ್ಗೆ ಏಳಕ್ಕೆ ಬರುವ ಆದೇಶ. ವ್ಯಾನು ಆಗಲೇ ರಸ್ತೆಯಲ್ಲಿರುತ್ತದೆ. ಅಪ್ಪ ಅಮ್ಮ ಕೆಲಸಕ್ಕೆ ಹೊರಟಿರುತ್ತಾರೆ. ಆಗ ಮೇಲಿನ ಸುತ್ತೋಲೆ ಸಾಲದು. ಪೋಷಕರ ಭಾಗದ ಮೊದಲ ಸಾಲೇ ಹೀಗಿರಬೇಕು: 'ಈಗಾಗಲೇ ಹೊರಟ ಮಕ್ಕಳು ಶಾಲೆಯಲ್ಲಿ ಸುರಕ್ಷಿತವಾಗಿರುತ್ತಾರೆ. ನೀವು ಬಂದು ಕರೆದೊಯ್ಯುವವರೆಗೆ ಅಥವಾ ಮನೆಯಲ್ಲಿ ದೊಡ್ಡವರಿದ್ದಾರೆ ಎಂದು ಫೋನಿನಲ್ಲಿ ಹೇಳುವವರೆಗೆ ಕಳಿಸುವುದಿಲ್ಲ.' ಸಿಬ್ಬಂದಿಯ ಭಾಗದಲ್ಲಿ, ಶಾಲೆಯ ಹತ್ತಿರವೇ ಮನೆ ಇರುವ ಇಬ್ಬರ ಹೆಸರು: ಕೊನೆಯ ಮಗು ಹೋಗುವವರೆಗೆ ಇವರು ಇರಬೇಕು ಎಂದು. ಆ ಎರಡು ಹೆಸರಿನಲ್ಲಿ ಒಂದು ಯಾವಾಗಲೂ ನನ್ನದೇ. ಒಮ್ಮೆ ಒಂದನೇ ತರಗತಿಯ ಹುಡುಗನೊಬ್ಬ ಮಧ್ಯಾಹ್ನ ಎರಡರವರೆಗೂ ನನ್ನ ಕೋಣೆಯಲ್ಲಿ ಕುಳಿತು, ಹಾಳಾದ ಸುತ್ತೋಲೆಗಳ ಹಿಂಬದಿಯಲ್ಲಿ ದೋಣಿ ಬರೆಯುತ್ತಿದ್ದ. ಹನ್ನೊಂದು ದೋಣಿ ಆದ ಮೇಲೆ ಅವನ ಅಜ್ಜ ಬಂದರು.