ನೀರಿನ ವಿದ್ಯುದ್ವಿಭಜನೆ: ವೈಟ್‌ಬೋರ್ಡ್ ವಿಡಿಯೋದಲ್ಲಿ ಯಾವ ಗೆರೆ ಮೊದಲು, ದನಿ ಎಲ್ಲಿ ನಿಲ್ಲಬೇಕು

10ನೇ ತರಗತಿಯ ‘ರಾಸಾಯನಿಕ ಕ್ರಿಯೆಗಳು ಮತ್ತು ಸಮೀಕರಣಗಳು’ ಪಾಠದಲ್ಲಿ ನೀರನ್ನು ವಿದ್ಯುತ್ತಿನಿಂದ ಒಡೆಯುವ ಚಟುವಟಿಕೆ ಬರುತ್ತದೆ. ಪ್ಲಾಸ್ಟಿಕ್ ಮಗ್ಗಿನ ತಳಕ್ಕೆ ಎರಡು ತೂತು, ಅದರೊಳಗೆ ರಬ್ಬರ್ ಬಿರಡೆ, ಬಿರಡೆಯಲ್ಲಿ ಇಂಗಾಲದ ಕಡ್ಡಿ, ಕೆಳಗೆ 6 ವೋಲ್ಟ್ ಬ್ಯಾಟರಿ, ಕಡ್ಡಿಗಳ ಮೇಲೆ ನೀರು ತುಂಬಿ ಬೋರಲು ಹಾಕಿದ ಎರಡು ಪ್ರನಾಳ. ಇದನ್ನು ಸುಮಾರು ಮೂರು ನಿಮಿಷದ ಕೈಬರಹದ ವಿಡಿಯೋ ಮಾಡುವಾಗ ಏನು ಮೊದಲು ಬರಬೇಕು, ಏನನ್ನು ತಡೆದಿಟ್ಟುಕೊಳ್ಳಬೇಕು ಎನ್ನುವುದೇ ಈ ಟಿಪ್ಪಣಿಯ ವಿಷಯ.

ಸಾಮಾನ್ಯವಾಗಿ ಆಗುವ ತಪ್ಪು ಒಂದೇ. ಪ್ರನಾಳ ಬರೆದ ಕೂಡಲೇ ಅದರ ಪಕ್ಕ ‘ಹೈಡ್ರೋಜನ್’, ‘ಆಕ್ಸಿಜನ್’ ಎಂದು ಬರೆದುಬಿಡುತ್ತೇವೆ. ಹೆಸರು ಕಂಡ ಮೇಲೆ ನೋಡುವವರು ಅನಿಲದ ಗಾತ್ರವನ್ನು ಗಮನಿಸುವುದಿಲ್ಲ, ಉತ್ತರ ಆಗಲೇ ಕೈಗೆ ಸಿಕ್ಕಿರುತ್ತದೆ. ಈ ಪಾಠದಲ್ಲಿ ಕಣ್ಣಿಗೆ ಬೀಳಬೇಕಾದದ್ದು 2:1 ಎಂಬ ಪ್ರಮಾಣ. ಹೆಸರು ಅದರ ನಂತರ, ಸಮೀಕರಣ ಎಲ್ಲಕ್ಕಿಂತ ಕೊನೆಗೆ.

ಹಾಗಾಗಿ ಮೊದಲ ಗೆರೆ ಎಳೆಯುವ ಮೊದಲೇ ಕೊನೆಯ ಸಾಲಿಗೆ ಜಾಗ ಕಾಯ್ದಿರಿಸಿ. 1920×1080 ಪರದೆಯಲ್ಲಿ ಕೆಳಗಿನ ಕಾಲು ಭಾಗ ಖಾಲಿ ಇರಲಿ. ಮಗ್ಗು ನಡುವಿನಿಂದ ಸ್ವಲ್ಪ ಬಲಕ್ಕೆ ಸರಿಯಲಿ. ಹೈಡ್ರೋಜನ್ ಪ್ರನಾಳ ಎಡಗಡೆ ಇರಬೇಕು, ಯಾಕೆಂದರೆ ಸಮೀಕರಣದ ಬಲಭಾಗದಲ್ಲಿ 2H₂ ಮೊದಲು, O₂ ನಂತರ ಬರುತ್ತದೆ. ಹೀಗಿಟ್ಟರೆ ಕೊನೆಗೆ ಬರೆದ 2H₂ ಎಡ ಪ್ರನಾಳದ ನೇರ ಕೆಳಗೆ, O₂ ಬಲ ಪ್ರನಾಳದ ಕೆಳಗೆ ಕೂರುತ್ತದೆ. ‘2H₂O →’ಗೆ ಎಡಗಡೆ ಜಾಗ ಉಳಿದಿರುತ್ತದೆ. ಹೈಡ್ರೋಜನ್ ಹುಟ್ಟುವುದು ಕ್ಯಾಥೋಡಿನಲ್ಲಿ. ಆದ್ದರಿಂದ ಬ್ಯಾಟರಿ ಚಿಹ್ನೆಯ ಗಿಡ್ಡ ಗೆರೆ, ಅಂದರೆ ಋಣ ತುದಿ, ಎಡ ಕಡ್ಡಿಯ ಕಡೆಗಿರಲಿ. ಇದು ತಿರುಗುಮುರುಗಾದರೆ ಮುಂದಿನದ್ದೆಲ್ಲ ತಪ್ಪು.

ಉಪಕರಣ ಬರೆಯುವ ಭಾಗಕ್ಕೆ 40 ಸೆಕೆಂಡು ಸಾಕು. ಮಗ್ಗು, ಬಿರಡೆ, ತಂತಿ ಇವೆಲ್ಲ ಎರಡು ಮೂರು ಸೆಕೆಂಡಿನಲ್ಲಿ ಬೇಗ ಮೂಡಲಿ. ನಿಧಾನವಾಗಬೇಕಾದ ಜಾಗ ಒಂದೇ: ಸಾರರಿಕ್ತ ಸಲ್ಫ್ಯೂರಿಕ್ ಆಮ್ಲದ ಹನಿಗಳು. ಶುದ್ಧ ನೀರಿನಲ್ಲಿ ವಿದ್ಯುತ್ ಬಹಳ ಕಡಿಮೆ ಹರಿಯುತ್ತದೆ, ಅದಕ್ಕೇ ಆಮ್ಲ. ಹನಿ ಬಿದ್ದ ಮೇಲೆಯೇ ಸ್ವಿಚ್ಚಿನ ಗೆರೆ ಮುಚ್ಚಬೇಕು. ಈ ಕ್ರಮ ಹಿಂದುಮುಂದಾದರೆ ಆಮ್ಲ ಯಾಕೆ ಬೇಕಿತ್ತು ಎಂಬುದು ಚಿತ್ರದಿಂದ ತಿಳಿಯುವುದಿಲ್ಲ.

ಈಗ ಮುಖ್ಯ ಭಾಗ. ವೈಟ್‌ಬೋರ್ಡ್ ಶೈಲಿಯಲ್ಲಿ ಕೈ ಶಾಯಿಯನ್ನು ಸೇರಿಸುತ್ತಾ ಹೋಗುತ್ತದೆ. ಇದ್ದ ಬಣ್ಣವನ್ನು ತೆಗೆಯುವುದು ಅದಕ್ಕೆ ಒಗ್ಗುವುದಿಲ್ಲ. ಪ್ರನಾಳದ ನೀರಿಗೆ ನೀಲಿ ಬಣ್ಣ ತುಂಬಿದಿರೋ, ಆಮೇಲೆ ನೀರು ಇಳಿಯುವುದನ್ನು ತೋರಿಸಲು ಒದ್ದಾಡಬೇಕಾಗುತ್ತದೆ. ಅದಕ್ಕೆ ನೀರನ್ನು ಬಣ್ಣವಿಲ್ಲದೆ ಬಿಡಿ, ಅನಿಲಕ್ಕೆ ಗೆರೆ ತುಂಬಿ. ಪ್ರತಿ ಪ್ರನಾಳಕ್ಕೂ ಸಮ ಅಂತರದ ಆರು ಸಣ್ಣ ಗುರುತು ಹಾಕಿಡಿ. ಕಡ್ಡಿಯ ತುದಿಯಿಂದ ನಾಲ್ಕೈದು ಗುಳ್ಳೆ ಏಳಲಿ, ಗುಳ್ಳೆಗಳು ಪ್ರನಾಳದ ಒಳಗೇ ಇರಲಿ. ನಂತರ ಮುಚ್ಚಿದ ತುದಿಯಿಂದ ಕೆಳಮುಖವಾಗಿ ಅಡ್ಡಗೆರೆ ತುಂಬುತ್ತಾ ಬನ್ನಿ. ಅನಿಲ ಸೇರುವುದು ಮೇಲ್ತುದಿಯಲ್ಲಿ. ಕೆಳಗಿನಿಂದ ತುಂಬಿದರೆ ನೀರು ಏರಿದಂತೆ ಕಾಣುತ್ತದೆ.

ಎರಡು ಪ್ರನಾಳದಲ್ಲೂ ಅನಿಲ ಒಟ್ಟಿಗೇ ಸೇರುತ್ತದೆ, ಆದರೆ ಕೈ ಒಂದೇ. ಇದನ್ನು ಅನುಕೂಲಕ್ಕೇ ಬಳಸಿಕೊಳ್ಳಬಹುದು. ಎಡಗಡೆ ಎರಡು ಗುರುತಿನಷ್ಟು ತುಂಬಿ, ಬಲಗಡೆ ಒಂದು. ಮತ್ತೆ ಎಡಗಡೆ ಎರಡು, ಬಲಗಡೆ ಒಂದು. ಮೂರನೆಯ ಸುತ್ತಿಗೆ ನೋಡುವವರಿಗೆ ಲಯ ಸಿಕ್ಕಿರುತ್ತದೆ, ಮುಂದಿನ ಗೆರೆ ಎಲ್ಲಿ ಬೀಳುತ್ತದೆ ಎಂದು ಅವರೇ ಊಹಿಸುತ್ತಾರೆ. ಒಂದು ಸುತ್ತಿಗೆ 6 ಸೆಕೆಂಡು, ಮೂರು ಸುತ್ತಿಗೆ 18. ಈ 18 ಸೆಕೆಂಡು ನಿರೂಪಣೆ ಬೇಡ. ಪೆನ್ನಿನ ಸದ್ದು ಕೇಳಿದರೆ ಸಾಕು.

ಆಮೇಲೆ ದನಿ: “ಎಡಗಡೆ ಆರು ಗುರುತು. ಬಲಗಡೆ ಮೂರೇ. ಯಾವ ಅನಿಲ ಎಲ್ಲಿದೆ?” ಇಲ್ಲಿ 4 ಸೆಕೆಂಡು ಪೂರ್ತಿ ಮೌನ, ಕೈಯೂ ಪರದೆಯಿಂದ ಹೊರಗೆ ಹೋಗಲಿ. ಎಡಿಟ್ ಮಾಡುವಾಗ ಈ ಮೌನ ಉದ್ದವಾಯಿತು ಅನ್ನಿಸಿ ಕತ್ತರಿಸುವ ಆಸೆ ಬರುತ್ತದೆ, ಕತ್ತರಿಸಬೇಡಿ. ಉತ್ತರ ಗೊತ್ತಿರುವ ನಮಗೆ ಉದ್ದ ಅನ್ನಿಸುವುದು, ಯೋಚಿಸುತ್ತಿರುವವರಿಗಲ್ಲ.

ಹೆಸರನ್ನು ಪರೀಕ್ಷೆಯ ಮೂಲಕ ತನ್ನಿ. ಉರಿಯುವ ಮೇಣದಬತ್ತಿಯನ್ನು ಎಡ ಅನಿಲದ ಹತ್ತಿರ ಹಿಡಿದರೆ ‘ಪಾಪ್’ ಎಂಬ ಸದ್ದು, ಬಲ ಅನಿಲದಲ್ಲಿ ಜ್ವಾಲೆ ಇನ್ನಷ್ಟು ಪ್ರಕಾಶ. ತರಗತಿಯಲ್ಲಿ ಈ ಪರೀಕ್ಷೆಯನ್ನು ಶಿಕ್ಷಕರೇ ಮಾಡಬೇಕು ಎಂದು ನಿರೂಪಣೆಯಲ್ಲಿ ಹೇಳಿಬಿಡಿ. ಸದ್ದು ಕೇಳಿದ ನಂತರ ‘ಹೈಡ್ರೋಜನ್’ ಎಂಬ ಬರಹ ಮೂಡಲಿ. ನಿಜವಾಗಿ ಪ್ರಯೋಗ ಮಾಡಿದಾಗ ಬಲಗಡೆ ಅರ್ಧಕ್ಕಿಂತ ತುಸು ಕಡಿಮೆ ಸಿಗಬಹುದು: ಆಕ್ಸಿಜನ್ ಹೈಡ್ರೋಜನ್‌ಗಿಂತ ಹೆಚ್ಚು ನೀರಿನಲ್ಲಿ ಕರಗುತ್ತದೆ, ಇಂಗಾಲದ ಕಡ್ಡಿಯೊಂದಿಗೂ ಸ್ವಲ್ಪ ವರ್ತಿಸುತ್ತದೆ. ಇದಕ್ಕೆ ಒಂದು ವಾಕ್ಯ ಸಾಕು.

ಸಮೀಕರಣವನ್ನು ಮೊದಲು ಸರಿದೂಗಿಸದೇ ಬರೆಯಿರಿ: H₂O → H₂ + O₂. ಪ್ರತಿ ಸೂತ್ರದ ಮುಂದೆ ಒಂದು ಅಂಕಿಯಷ್ಟು ಜಾಗ ಬಿಟ್ಟಿರಬೇಕು. ಬಲಗಡೆ ಆಕ್ಸಿಜನ್ ಪರಮಾಣು ಎರಡು, ಎಡಗಡೆ ಒಂದು. H₂Oಗೆ ಮುಂದೆ 2. ಈಗ ಎಡಗಡೆ ಹೈಡ್ರೋಜನ್ ನಾಲ್ಕು, ಬಲಗಡೆ ಎರಡು. H₂ಗೆ ಮುಂದೆ 2. ಈ ಎರಡನೆಯ 2 ಅನ್ನು ಅನಿಲಕ್ಕೆ ತುಂಬಿದ ಬಣ್ಣದಲ್ಲೇ ಬರೆದು, ಅದರಿಂದ ಎಡ ಪ್ರನಾಳಕ್ಕೊಂದು ಬಾಣ ಎಳೆಯಿರಿ:

2H₂O(l) → 2H₂(g) + O₂(g)

ಒಂದೇ ಉಷ್ಣತೆ, ಒಂದೇ ಒತ್ತಡದಲ್ಲಿ ಅನಿಲಗಳ ಸಮಾನ ಗಾತ್ರದಲ್ಲಿ ಅಣುಗಳ ಸಂಖ್ಯೆಯೂ ಸಮಾನ. ಆದ್ದರಿಂದಲೇ ಅಣುಗಳ 2:1 ಪ್ರನಾಳದಲ್ಲಿ ಆರು ಮತ್ತು ಮೂರು ಗುರುತಾಗಿ ಕಾಣುತ್ತದೆ.

ವೇಗದ ವಿಚಾರದಲ್ಲಿ, ಇಂಗ್ಲಿಷ್ ವಿಡಿಯೋಗಳಿಗೆ ಹೇಳುವ ನಿಮಿಷಕ್ಕೆ 150 ಪದದ ಲೆಕ್ಕ ಕನ್ನಡಕ್ಕೆ ಹೊಂದುವುದಿಲ್ಲ. ‘ಪ್ರನಾಳದೊಳಗಿನಿಂದ’ ಎಂಬುದು ನಮಗೆ ಒಂದೇ ಪದ, ಆದರೆ ಬಾಯಿಗೆ ಅದು ಉದ್ದ. ಪದ ಎಣಿಸುವ ಬದಲು ಪ್ರತಿ ವಾಕ್ಯವನ್ನೂ ಗಟ್ಟಿಯಾಗಿ ಓದಿ, ಮೊಬೈಲಿನ ಸ್ಟಾಪ್‌ವಾಚಿನಲ್ಲಿ ಅಳೆಯಿರಿ. ದನಿಯನ್ನು ಮೊದಲು ರೆಕಾರ್ಡ್ ಮಾಡಿ, ಚಿತ್ರದ ಸಮಯವನ್ನು ಅದಕ್ಕೆ ಹೊಂದಿಸಿ. ವಸ್ತುವಿನ ಹೆಸರು ಕೇಳುವ ಕ್ಷಣಕ್ಕೆ ಪೆನ್ನು ಅದೇ ವಸ್ತುವಿನ ಮೇಲಿರಬೇಕು. ಕೈ ಬ್ಯಾಟರಿ ಬರೆಯುತ್ತಿರುವಾಗ ದನಿ ಆಮ್ಲದ ಬಗ್ಗೆ ಹೇಳಿದರೆ ಎರಡೂ ವ್ಯರ್ಥ.

ಕೊನೆಗೆ ಫೈಲಿನ ಎರಡು ತೊಡಕು. ಚಿತ್ರವನ್ನು Inkscapeನಲ್ಲಿ SVG ಆಗಿ ಮಾಡಿದರೆ, ಅನಿಮೇಷನ್ ತಂತ್ರಾಂಶ ಸಾಮಾನ್ಯವಾಗಿ ಫೈಲಿನಲ್ಲಿ ಮೊದಲಿರುವ, ಅಂದರೆ ಎಲ್ಲಕ್ಕಿಂತ ಕೆಳಗಿನ ಪದರದ ಗೆರೆಯನ್ನೇ ಮೊದಲು ಬರೆಯುತ್ತದೆ. H, O ಬರೆದು ಮುಗಿಸಿ ಕೈ ಹಿಂದೆ ಹಾರಿ 2 ಬರೆದರೆ, ಆ ಅಂಕಿ ಪದರಗಳಲ್ಲಿ ಎಲ್ಲಕ್ಕಿಂತ ಮೇಲಿದೆ ಎಂದರ್ಥ. ಅದನ್ನು H ಮತ್ತು O ನಡುವೆ ಇಳಿಸಿ. ಇನ್ನೊಂದು ಕನ್ನಡ ಬರಹದ್ದು. ತಂತ್ರಾಂಶದೊಳಗೆ ನೇರವಾಗಿ ಟೈಪ್ ಮಾಡಿದಾಗ ಕೆಲವು ಕಡೆ ‘ಕ್ಯಾಥೋಡ್’ನ ಒತ್ತಕ್ಷರ ಬಿಡಿಬಿಡಿಯಾಗಿ ಬೀಳುತ್ತದೆ. Inkscapeನಲ್ಲೇ ಟೈಪ್ ಮಾಡಿ Path > Object to Path ಕೊಟ್ಟರೆ ಅಕ್ಷರ ಸರಿಯಾಗಿ ನಿಲ್ಲುತ್ತದೆ, ಆದರೆ ಕೈ ಅಕ್ಷರದ ಅಂಚನ್ನಷ್ಟೇ ಸುತ್ತುತ್ತದೆ. ನಿಜವಾಗಿ ಬರೆದಂತೆ ಕಾಣಬೇಕಾದರೆ ಅಕ್ಷರದ ನಡುವೆ ಪೆನ್ ಟೂಲಿನಿಂದ ಒಂದೇ ಗೆರೆ ಎಳೆದು, ಆ ಗೆರೆಗೆ ಬೇಕಾದ ದಪ್ಪ ಕೊಟ್ಟು, ಅಡಿಯ ಅಕ್ಷರವನ್ನು ಅಳಿಸಿಬಿಡಿ. ಮೊದಲು ಕ, ಆಮೇಲೆ ಯ ಒತ್ತು: ನಾವು ಬೋರ್ಡಿನ ಮೇಲೆ ಬರೆಯುವ ಕ್ರಮದಲ್ಲೇ.