‘ನೋಡಿ.’ ಯಾಕೆ ವಾಕ್ಯದ ಕೊನೆ ಆಗಲಿಲ್ಲ?

ಒಂದು ಪ್ಯಾರಾವನ್ನು ಪೈಥಾನ್‌ನಲ್ಲಿ ವಾಕ್ಯಗಳಾಗಿ ಒಡೆಯಬೇಕು. ಕೈಯಲ್ಲಿರುವ ಪಠ್ಯ ಇದು:

```
ಪ್ರೊ. ಜೆ. ಜೆ. ಥಾಮ್ಸನ್ 1897ರಲ್ಲಿ ಎಲೆಕ್ಟ್ರಾನ್ ಕಂಡುಹಿಡಿದರು. ಅದು ಪ್ರೋಟಾನಿಗಿಂತ 1836.15 ಪಟ್ಟು ಹಗುರ.
```

ಇರುವುದು ಎರಡೇ ವಾಕ್ಯ. ಆದರೆ ಸುಮ್ನೆ `split('.')` ಅಂದರೆ ಏಳು ತುಂಡು ಬರುತ್ತವೆ, ಕೊನೆಯದು ಖಾಲಿ. ಹಾಗಾಗಿ ಚುಕ್ಕಿಯ ನಂತರ ಖಾಲಿ ಜಾಗ ಇದ್ದರೆ ಮಾತ್ರ ಒಡೆಯೋಣ: `(?<=[.?!])\s+`. ಈಗ 1836.15 ಉಳಿದುಕೊಂಡಿತು, ಅದರ ಚುಕ್ಕಿ ಆದಮೇಲೆ ಜಾಗವೇ ಇಲ್ಲವಲ್ಲ. ದಶಮಾಂಶದ ಕಥೆ ಇಲ್ಲಿಗೆ ಮುಗಿಯಿತು. ಪ್ರೊ. ಮತ್ತು ಎರಡು ಜೆ. ಮಾತ್ರ ಇನ್ನೂ ಬಿಡಿಬಿಡಿಯಾಗಿಯೇ ಬರುತ್ತವೆ.

ಇಂಗ್ಲಿಷ್‌ನಲ್ಲಾದರೆ ಒಂದೇ ದೊಡ್ಡಕ್ಷರ, ಆಮೇಲೆ ಚುಕ್ಕಿ ಇದ್ದರೆ ಅದು ಇನಿಷಿಯಲ್ ಅಂತ ಊಹಿಸಬಹುದು. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಇಲ್ಲ. ಜೆ, ಎಸ್, ಡಬ್ಲ್ಯೂ ಎಲ್ಲವನ್ನೂ ಪಟ್ಟಿ ಮಾಡಲೇಬೇಕು. ಪಟ್ಟಿಯನ್ನು ನೇರವಾಗಿ `(?<!ಪ್ರೊ\.|ಜೆ\.)` ಅಂತ ಹಾಕಿದರೆ ಪೈಥಾನ್‌ನ `re` ಒಪ್ಪುವುದಿಲ್ಲ, ಹಿಂದೆ ನೋಡುವ ಭಾಗದ ಉದ್ದ ಒಂದೇ ಇರಬೇಕು ಅನ್ನುತ್ತದೆ. ಅದಕ್ಕೇ ಆ ಚುಕ್ಕಿಗಳನ್ನು ಮೊದಲು ಬಚ್ಚಿಟ್ಟು, ಒಡೆದು, ಆಮೇಲೆ ವಾಪಸ್ ಇಡುವುದು ಸುಲಭ.

ನಾನು ಎಡವಿದ್ದು ಇಲ್ಲೇ. ಮೊದಲು ಬರೆದದ್ದು `\b(ಪ್ರೊ|ಡಿ|ಜೆ)\.`. ಥಾಮ್ಸನ್ ಸರಿಹೋದರು. ಆದರೆ ‘ಚಿತ್ರ ನೋಡಿ. ಉತ್ತರ ಬರೆಯಿರಿ.’ ಎಂಬಲ್ಲಿ ಎರಡು ವಾಕ್ಯ ಒಂದಾಗಿ ಅಂಟಿಕೊಂಡವು! ಕಾರಣ ಸ್ವಾರಸ್ಯವಾಗಿದೆ. ಪೈಥಾನ್‌ನ `\w` ವ್ಯಂಜನ ‘ನ’ವನ್ನು ಅಕ್ಷರ ಅನ್ನುತ್ತದೆ, ಸ್ವರಚಿಹ್ನೆ ‘ೋ’ವನ್ನು ಅಲ್ಲ ಅನ್ನುತ್ತದೆ. ಅಂದರೆ ‘ನೋ’ ಮತ್ತು ‘ಡಿ’ಯ ನಡುವೆ ಪದದ ಗಡಿ ಇದೆ ಅಂತ `\b` ನಂಬುತ್ತದೆ. ‘ನೋಡಿ’ಯ ಬಾಲ ಅದಕ್ಕೆ ಇನಿಷಿಯಲ್ ಡಿ. ಆಗಿ ಕಾಣುತ್ತದೆ. ಮಾಡಿ, ಹಾಡಿ ಎಲ್ಲಕ್ಕೂ ಇದೇ ಗತಿ.

ಪರಿಹಾರ: `\b` ಬಿಟ್ಟು, ಹಿಂದೆ ಯಾವ ಕನ್ನಡ ಚಿಹ್ನೆಯೂ ಇರಬಾರದು ಅಂತ ನಾವೇ ಹೇಳುವುದು.

```python
import re
g = r'(?<![\u0C80-\u0CFF])(ಪ್ರೊ|ಡಾ|ಡಿ|ಜೆ)\.'
t = re.sub(g, r'\1§', text)
parts = [p.replace('§', '.')
         for p in re.split(r'(?<=[.?!])\s+', t)]
```

ಪಟ್ಟಿಯನ್ನು ನಿಮ್ಮ ಪಠ್ಯಕ್ಕೆ ತಕ್ಕಂತೆ ಬೆಳೆಸಿ. § ಚಿಹ್ನೆ ಪಠ್ಯದಲ್ಲಿ ಮೊದಲೇ ಇರಬಾರದು, ಅಷ್ಟೇ. ‘ಜೆ.ಜೆ. ಥಾಮ್ಸನ್’ ಅಂತ ಒತ್ತಾಗಿ ಬರೆದಿದ್ದರೂ ನಡೆಯುತ್ತದೆ, ಎರಡನೇ ಜೆ ಹಿಂದೆ ಇರುವುದು ಚುಕ್ಕಿ ತಾನೇ.

ಒಂದು ಕಡೆ ಮಾತ್ರ ಇದು ಸೋಲುತ್ತದೆ. ‘ಸರಿ ಉತ್ತರ ಡಿ. ಮುಂದಿನ ಪ್ರಶ್ನೆಗೆ ಹೋಗಿ.’ ಇಲ್ಲಿ ಡಿ ಪಕ್ಕದ ಚುಕ್ಕಿ ನಿಜವಾಗಿಯೂ ವಾಕ್ಯದ ಕೊನೆ. ಆದರೆ ರೆಗೆಕ್ಸ್‌ಗೆ ಅದು ಇನಿಷಿಯಲ್‌ನಂತೆಯೇ ಕಾಣುತ್ತದೆ, ಅರ್ಥ ಗೊತ್ತಿಲ್ಲದೆ ಬೇರೆ ಮಾಡಲಾಗದು. ಇಂಥವು ಜಾಸ್ತಿ ಸಿಗುವುದು ಪ್ರಶ್ನೋತ್ತರದ ಪಠ್ಯದಲ್ಲಿ. ಹಿಡಿಯಲು ನಾನು ಮಾಡುವುದು ಇಷ್ಟೇ: ತುಂಡುಗಳನ್ನು ಉದ್ದದ ಪ್ರಕಾರ ಜೋಡಿಸಿ ಎರಡೂ ತುದಿ ಓದುತ್ತೇನೆ. ತೀರಾ ಚಿಕ್ಕವುಗಳಲ್ಲಿ ಪಟ್ಟಿಗೆ ಸೇರದ ಸಂಕ್ಷೇಪ ಸಿಗುತ್ತದೆ, ತೀರಾ ಉದ್ದದವುಗಳಲ್ಲಿ ಅಂಟಿಕೊಂಡ ವಾಕ್ಯಗಳು.