ಚಿಂಕಾರ ಸೀನುವ ಮೊದಲು ಮಾತು ಮುಗಿದಿರಬೇಕು

ಬಾಗಲಕೋಟೆ ಜಿಲ್ಲೆಯ ಯಡಹಳ್ಳಿ ಚಿಂಕಾರ ವನ್ಯಧಾಮದಲ್ಲಿ ತೆಗೆದ ಸಾಕ್ಷ್ಯಚಿತ್ರವೊಂದಕ್ಕೆ ನಿರೂಪಣೆ ಬರೆಯುವಾಗ ನಾನು ಒಂದು ದೃಶ್ಯವನ್ನು ಪೂರ್ತಿ ಕೆಡಿಸಿದ್ದೆ. ದೃಶ್ಯದ ಉದ್ದ ಎರಡು ನಿಮಿಷ ಹತ್ತು ಸೆಕೆಂಡು. ಬೆಳಗಿನ ಜಾವ, ಕಲ್ಲುನೆಲ, ಒಣಹುಲ್ಲು, ಅಲ್ಲಲ್ಲಿ ಜಾಲಿ. ನಾಲ್ಕು ಚಿಂಕಾರಗಳು, ಎಂದರೆ ಸಣ್ಣ ಜಾತಿಯ ಹುಲ್ಲೆಗಳು, ಮೇಯುತ್ತಿವೆ. ಒಂದು ತಲೆ ಎತ್ತುತ್ತದೆ, ಮುಂಗಾಲನ್ನು ನೆಲಕ್ಕೆ ಬಡಿಯುತ್ತದೆ, ಮೂಗಿನಿಂದ ಚುರುಕಾಗಿ ಸೀನುತ್ತದೆ. ಇನ್ನೊಮ್ಮೆ ಸೀನಿದ ಮರುಗಳಿಗೆಯಲ್ಲಿ ನಾಲ್ಕೂ ಓಡುತ್ತವೆ. ಈ ನೂರಾ ಮೂವತ್ತು ಸೆಕೆಂಡಿಗೆ ನಾನು ಬರೆದದ್ದು 118 ಪದ. ಓದಿಸಿದಾಗ ತೊಂಬತ್ತೈದು ಸೆಕೆಂಡು ಹಿಡಿಯಿತು. ಕೊನೆಗೆ ಚಿತ್ರದಲ್ಲಿ ಉಳಿದದ್ದು 17 ಪದ. ನಡುವೆ ಏನಾಯಿತು ಎಂಬುದನ್ನು ಬಿಡಿಸಿ ಹೇಳುತ್ತೇನೆ. ಕನ್ನಡದಲ್ಲಿ ನಿರೂಪಣೆ ಬರೆಯುವವರು ಎಡವುವ ಜಾಗ ಅಲ್ಲೇ ಇದೆ.

ನನ್ನ ಮೊದಲ ಬರಹದಲ್ಲಿ ಆ ಮುಖ್ಯ ಗಳಿಗೆಗೆ ಇದ್ದ ವಾಕ್ಯ ಇದು: 'ಅಪಾಯದ ಸುಳಿವು ಸಿಕ್ಕ ಚಿಂಕಾರ ಕಿವಿ ನಿಮಿರಿಸಿ, ಮುಂಗಾಲನ್ನು ನೆಲಕ್ಕೆ ಬಡಿದು, ಮೂಗಿನಿಂದ ಸೀನಿ ತನ್ನ ಬಳಗವನ್ನು ಎಚ್ಚರಿಸುತ್ತದೆ.' ವಾಕ್ಯದಲ್ಲಿ ತಪ್ಪಿಲ್ಲ, ಮಾಹಿತಿಯೂ ಸರಿ. ಆದರೆ ನಿರೂಪಕಿ ಅದನ್ನು ಓದುತ್ತಾ 'ಬಡಿದು' ಎನ್ನುವ ಹೊತ್ತಿಗೆ ಪರದೆಯ ಮೇಲೆ ಪ್ರಾಣಿ ಸೀನಿಬಿಟ್ಟಿತ್ತು. ಕೇಳುವವರ ಕಿವಿ ಆಗ ಎಲ್ಲಿರುತ್ತದೆ? ಕನ್ನಡದಲ್ಲಿ ಕ್ರಿಯಾಪದ ಬರುವುದು ಕೊನೆಗೆ. 'ಎಚ್ಚರಿಸುತ್ತದೆ' ಎಂಬುದು ಬರುವವರೆಗೆ ಕೇಳುಗ ವಾಕ್ಯವನ್ನು ಕೈಯಲ್ಲಿ ಹಿಡಿದುಕೊಂಡೇ ಕಾಯುತ್ತಾನೆ. 'ನಿಮಿರಿಸಿ', 'ಬಡಿದು', 'ಸೀನಿ' ಎಂದು ಒಂದರ ಹಿಂದೆ ಒಂದು ಬಂದಷ್ಟೂ ಕಾಯುವುದು ಜಾಸ್ತಿ. ಆ ಕಾಯುವಿಕೆಯ ನಡುವೆ ಬಂದ ಸೀನು ಅವನಿಗೆ ಅಡಚಣೆಯಾಗಿ ಕೇಳುತ್ತದೆ. ಇಡೀ ದೃಶ್ಯ ಇರುವುದೇ ಆ ಒಂದು ಸದ್ದಿಗಾಗಿ, ಅದನ್ನೇ ನಾನು ಅಡಚಣೆ ಮಾಡಿ ಕೂರಿಸಿದ್ದೆ.

ಇಂಗ್ಲಿಷ್ ನಿರೂಪಣೆಯನ್ನು ಕನ್ನಡಕ್ಕೆ ತರುವಾಗ ಈ ತೊಂದರೆ ಇನ್ನೂ ಹೆಚ್ಚು. ಅಲ್ಲಿ ಕರ್ತೃ, ಕ್ರಿಯಾಪದ ಮೊದಲೇ ಬಂದುಬಿಡುವುದರಿಂದ ವಾಕ್ಯದ ಬಾಲದ ಮೇಲೆ ಹಕ್ಕಿಯೊಂದು ಕೂಗಿದರೂ ಅರ್ಥ ಕೆಡುವುದಿಲ್ಲ. ಅದೇ ಜಾಗದಲ್ಲಿ ಕನ್ನಡದ ವಾಕ್ಯ ಇಟ್ಟರೆ ಹಕ್ಕಿ ಕೂಗುವುದು ಸರಿಯಾಗಿ ಕ್ರಿಯಾಪದದ ಮೇಲೆ. ಹಾಗಾಗಿ ನಾನು ಈಗ ಮೊದಲು ಸದ್ದುಗಳ ಪಟ್ಟಿ ಮಾಡುತ್ತೇನೆ. ಯಾವ ಸೆಕೆಂಡಿಗೆ ಯಾವ ಸದ್ದು, ಅದು ಎಷ್ಟು ಹೊತ್ತು ಉಳಿಯುತ್ತದೆ ಎಂದು ಬರೆದುಕೊಳ್ಳುತ್ತೇನೆ. ಮಾತು ಆಮೇಲೆ. ಮುಖ್ಯ ಸದ್ದಿಗೆ ಮೂರು ನಾಲ್ಕು ಸೆಕೆಂಡು ಮುಂಚೆಯೇ ಕ್ರಿಯಾಪದ ಬಿದ್ದು ವಾಕ್ಯ ಮುಗಿದಿರಬೇಕು. ಉದ್ದವನ್ನು ಪದಗಳಲ್ಲಿ ಅಳೆಯುವುದನ್ನೂ ಬಿಟ್ಟಿದ್ದೇನೆ. ನಮ್ಮ ಪದಗಳು ಪ್ರತ್ಯಯ ಸೇರಿಸಿಕೊಂಡು ಬೆಳೆಯುತ್ತವೆ. 'ಎಲೆಯಲ್ಲಿರುವ' ಒಂದೇ ಪದ, ಬಾಯಲ್ಲಿ ಆರು ಅಕ್ಷರ. ನಿಧಾನದ ಓದಿಗೆ ಸೆಕೆಂಡಿಗೆ ಸುಮಾರು ಐದು ಅಕ್ಷರ ಎಂದು ಲೆಕ್ಕ ಹಿಡಿದರೆ ನನಗೆ ಈವರೆಗೆ ಹೆಚ್ಚುಕಡಿಮೆ ಸರಿ ಬಂದಿದೆ.

ಇನ್ನು ಸದ್ದಿನ ಕಡೆ. ಕ್ಯಾಮೆರಾ ಇದ್ದದ್ದು ಪ್ರಾಣಿಗಳಿಂದ ಸುಮಾರು 170 ಮೀಟರ್ ದೂರದಲ್ಲಿ. ಉದ್ದ ಲೆನ್ಸಿನಲ್ಲಿ ಚಿಂಕಾರದ ಮೂಗಿನ ಹೊಳ್ಳೆ ಕಾಣುತ್ತಿತ್ತು, ಕ್ಯಾಮೆರಾದ ಮೈಕಿನಲ್ಲಿ ಮಾತ್ರ ಬರೀ ಗಾಳಿ. ವನ್ಯಜೀವಿ ಚಿತ್ರಗಳಲ್ಲಿ ನಾವು ಕೇಳುವ ಸದ್ದಿನಲ್ಲಿ ಹೆಚ್ಚಿನದು ಚಿತ್ರದ ಜೊತೆಗೇ ಹಿಡಿದದ್ದಲ್ಲ, ಇದೇ ಕಾರಣಕ್ಕೆ. ಬೇರೆಯಾಗಿ ಹಿಡಿದು ತಂದು ಕೂರಿಸುತ್ತಾರೆ. ಎಷ್ಟೋ ಕಡೆ ಸ್ಟುಡಿಯೋದಲ್ಲೇ ಮನುಷ್ಯರು ಮಾಡಿದ ಸದ್ದೂ ಇರುತ್ತದೆ. ಓಟದ ಗೊರಸಿನ ಸದ್ದನ್ನು ಹಾಗೆ ಮಾಡಿದರೆ ನನ್ನ ತಕರಾರಿಲ್ಲ. ಆದರೆ ಈ ದೃಶ್ಯದಲ್ಲಿ ಸೀನು ಎಂಬುದೇ ಸಂಗತಿ. ಅದನ್ನು ಮನುಷ್ಯನ ಮೂಗಿನಿಂದ ತೆಗೆದು ಪ್ರಾಣಿಯದೆಂದು ಹೇಳುವುದು ಸುಳ್ಳು ಮಾಹಿತಿ ಬರೆದ ಹಾಗೆಯೇ ಎಂದು ನಾನು ಹಟ ಹಿಡಿದೆ. ಅರಣ್ಯ ಇಲಾಖೆಯ ಅನುಮತಿ ಪಡೆದು, ಅವು ದಿನಾ ದಾಟುವ ದಾರಿಯ ಹತ್ತಿರ ಒಂದು ಜಾಲಿಯ ಬುಡದಲ್ಲಿ ಗಾಳಿಗವಸು ಹಾಕಿದ ಮೈಕು, ರೆಕಾರ್ಡರ್ ಇಟ್ಟು ಬಂದೆವು.

ಕಬ್ಬು ನುರಿಸುವ ಕಾಲ ಅದು. ಮೊದಲ ಮೂರು ಮುಂಜಾವು ಸಿಕ್ಕದ್ದು ದೂರದ ರಸ್ತೆಯಲ್ಲಿ ಡೆಕ್ ಹಚ್ಚಿಕೊಂಡು ಹೋಗುವ ಟ್ರ್ಯಾಕ್ಟರುಗಳ ಹಾಡು, ಹೊಲದ ಪಂಪ್‌ಸೆಟ್ಟಿನ ಗುಂಯ್‌ಗುಡುವಿಕೆ. ಪಂಪಿನದು ಒಂದೇ ಸಮನೆ ಇರುವ ಸದ್ದಾದ್ದರಿಂದ ಅದರ ಕಂಪನಾಂಕವನ್ನು ಹುಡುಕಿ ಕತ್ತರಿಸಬಹುದು. ಹಾಡನ್ನು ತೆಗೆಯಲು ಬರುವುದಿಲ್ಲ, ಅದು ಎಲ್ಲ ಕಡೆ ಹರಡಿರುತ್ತದೆ, ತೆಗೆಯಹೋದರೆ ಹಕ್ಕಿಯೂ ಹೋಗುತ್ತದೆ. ನಾಲ್ಕನೆಯ ದಿನ ಎರಡು ಸೀನು ಸಿಕ್ಕವು. ಚಿಕ್ಕ, ಒಣ, ಚೂಪು ಸದ್ದು. ಅದರ ಜೊತೆಗೆ ಎಲ್ಲೂ ತುಂಡಾಗದ ಎಂಟು ನಿಮಿಷದ ಬರೀ ಬಯಲು: ಹುಲ್ಲಿನ ಮೇಲಿನ ಗಾಳಿ, ದೂರದಲ್ಲಿ ಗೌಜುಗದ ಕೂಗು. ಈ ಎಂಟು ನಿಮಿಷ ಆಮೇಲೆ ಸೀನಿಗಿಂತ ಹೆಚ್ಚು ಕೆಲಸಕ್ಕೆ ಬಂತು.

ಅದು ಹೇಗೆ ಎಂದರೆ, ಚಿತ್ರದಲ್ಲಿ ಮೌನ ಎಂದರೆ ಸದ್ದೇ ಇಲ್ಲದಿರುವುದಲ್ಲ. ಧ್ವನಿಪಟ್ಟಿಯನ್ನು ನಿಜವಾಗಿಯೂ ಸೊನ್ನೆಗೆ ಇಳಿಸಿದರೆ ನೋಡುಗ ಟಿವಿ ಕೆಟ್ಟಿತೆಂದು ರಿಮೋಟಿಗೆ ಕೈ ಹಾಕುತ್ತಾನೆ. ಬಯಲಿನ ಸದ್ದು ಸಣ್ಣಗೆ ಹರಿಯುತ್ತಿದ್ದರೆ ಮಾತ್ರ ಮೌನ ಎನಿಸುತ್ತದೆ. ನಿರೂಪಕಿಯ ದನಿ ಮುಚ್ಚಿದ ಕೋಣೆಯಲ್ಲಿ ಹಿಡಿದದ್ದು, ಅದರ ಹಿಂದೆ ಏನೂ ಇರುವುದಿಲ್ಲ. ಮಾತು ಬಂದಾಗ ಬಯಲನ್ನು ತಟ್ಟನೆ ತಗ್ಗಿಸಿ, ಮಾತು ನಿಂತಾಗ ತಟ್ಟನೆ ಏರಿಸಿದರೆ ಗಾಳಿ ಉಸಿರಾಡಿದಂತೆ ಉಬ್ಬಿ ಕುಗ್ಗುತ್ತದೆ. ಇದನ್ನು ಸಾಫ್ಟ್‌ವೇರಿಗೆ ಬಿಟ್ಟರೆ ಹಾಗೇ ಆಗುವುದು. ಕೈಯಿಂದಲೇ, ಮಾತಿಗೆ ಒಂದೂವರೆ ಸೆಕೆಂಡು ಮೊದಲಿನಿಂದ ಮೂರು ನಾಲ್ಕು ಡೆಸಿಬೆಲ್ ಮಾತ್ರ ನಿಧಾನಕ್ಕೆ ಇಳಿಸುತ್ತೇನೆ, ಅಷ್ಟೇ ನಿಧಾನಕ್ಕೆ ಏರಿಸುತ್ತೇನೆ. ಕಣ್ಣು ಮುಚ್ಚಿ ಕೇಳಿದಾಗ ಇಳಿದದ್ದು ಗೊತ್ತಾದರೆ ಅದು ಹೆಚ್ಚಾಯಿತು ಎಂದೇ ಅರ್ಥ. ಟಿಟ್ಟಿಭದಂಥ ಹಕ್ಕಿ ಮಾತಿನ ಮೇಲೆಯೇ ಕೂಗಿದರೆ ಹಕ್ಕಿಯನ್ನು ತಗ್ಗಿಸುವುದರಿಂದ ಪ್ರಯೋಜನ ಕಡಿಮೆ. ಅದರ ಚೂಪು ಕೂಗು ನಮ್ಮ ವ್ಯಂಜನಗಳು ಸ್ಪಷ್ಟವಾಗುವ ಕಂಪನಾಂಕದಲ್ಲೇ ಇರುತ್ತದೆ. ವಾಕ್ಯವನ್ನೇ ಎರಡು ಸೆಕೆಂಡು ಸರಿಸುವುದು ಮೇಲು.

ಈಗ ದೃಶ್ಯ ಹೇಗಾಯಿತು ನೋಡಿ. ಮೊದಲ ಇಪ್ಪತ್ತು ಸೆಕೆಂಡು ಗಾಳಿ, ಗೌಜುಗ. ಮಾತಿಲ್ಲ. ಆಮೇಲೆ ಎಂಟು ಸೆಕೆಂಡಿನ ಮಾತು: 'ಚಿಂಕಾರ ನೀರಿಗಾಗಿ ಅಲೆಯುವುದು ಕಡಿಮೆ. ತಿನ್ನುವ ಎಲೆಯಲ್ಲಿರುವ ತೇವದಲ್ಲೇ ಬಹಳ ದಿನ ಕಳೆಯುತ್ತದೆ.' ನೆಲ ಒಣಗಿರುವುದನ್ನು ಚಿತ್ರ ತೋರಿಸುತ್ತಿದೆ, ಪ್ರಾಣಿ ಮೇಯುವುದನ್ನೂ ತೋರಿಸುತ್ತಿದೆ. ಎಲೆಯೇ ನೀರೂ ಆಗುವುದನ್ನು ಯಾವ ಕ್ಯಾಮೆರಾವೂ ತೋರಿಸಲಾರದು, ಅದಕ್ಕೇ ಆ ಮಾತು ಅಲ್ಲಿ. ಮುಂದೆ ಸುಮಾರು ಅರ್ಧ ನಿಮಿಷ ಮತ್ತೆ ಬಯಲು. ಐವತ್ತೆರಡನೆಯ ಸೆಕೆಂಡಿಗೆ ಪ್ರಾಣಿ ತಲೆ ಎತ್ತುತ್ತದೆ. ಅಲ್ಲಿಂದ ಗಾಳಿಯನ್ನು ತುಸು ತುಸುವೇ ತಗ್ಗಿಸಿದೆವು, ಬರುವ ಸದ್ದಿಗೆ ಜಾಗ ಬೇಕಲ್ಲ. ಕಾಲು ಬಡಿತ. ನಾಲ್ಕು ಸೆಕೆಂಡು. ಸೀನು. ಆರೇಳು ಸೆಕೆಂಡು ಏನೂ ಇಲ್ಲ. ಇನ್ನೊಂದು ಸೀನು. ಓಟ.

ಧೂಳು ಇಳಿಯುವಾಗ ಎರಡನೆಯ ಮಾತು ಬರುತ್ತದೆ: 'ಆ ಸೀನು ಎಚ್ಚರಿಕೆಯದು. ಮಿಕ್ಕವು ಅಪಾಯವನ್ನು ಕಣ್ಣಾರೆ ಕಾಣಬೇಕಿಲ್ಲ.' ಇದನ್ನೇ ಸೀನಿಗೆ ಮೊದಲು ಇಟ್ಟೂ ಪರೀಕ್ಷಿಸಿದೆವು. ಊರಿನ ಹತ್ತು ಹನ್ನೆರಡು ಮಂದಿಗೆ ಎರಡೂ ಬಗೆಯನ್ನು ತೋರಿಸಿದಾಗ ವ್ಯತ್ಯಾಸ ಮುಖದಲ್ಲೇ ಕಂಡಿತು. ಮೊದಲೇ ಹೇಳಿದಾಗ ಅವರು ಹೇಳಿದ್ದು ಆಯಿತೋ ಇಲ್ಲವೋ ಎಂದು ತಾಳೆ ನೋಡುತ್ತಿದ್ದರು. ಹೇಳದೆ ಬಿಟ್ಟಾಗ ಮೊದಲ ಸೀನಿಗೇ ಇಬ್ಬರು ಮುಂದಕ್ಕೆ ಬಾಗಿದರು, ಒಬ್ಬ ಹುಡುಗ 'ಏನದು?' ಅಂದ. ಅವನ ಪ್ರಶ್ನೆಗೆ ಉತ್ತರವಾಗಿ ಮಾತು ಬರುವುದು ನನಗೆ ಬೇಕಿತ್ತು.

ಸೀನನ್ನು ಕೂರಿಸುವಾಗ ಇನ್ನೊಂದು ಸಣ್ಣ ಲೆಕ್ಕ ಬಂತು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ, ಎಂದರೆ 170 ಮೀಟರ್ ದೂರದಲ್ಲಿ ನಿಂತವನಿಗೆ ಸೀನು ಕೇಳುವುದು ಅರ್ಧ ಸೆಕೆಂಡು ತಡವಾಗಿ. ಸೆಕೆಂಡಿಗೆ 25 ಫ್ರೇಮಿನ ಚಿತ್ರದಲ್ಲಿ ಹನ್ನೆರಡು ಫ್ರೇಮು. ಆದರೆ ಲೆನ್ಸು ನೋಡುಗನನ್ನು ಮೂತಿಯ ಹತ್ತಿರ ಒಯ್ದು ನಿಲ್ಲಿಸಿದೆ. ಹಾಗಾಗಿ ಮೂಗು ಅದುರಿದ ಫ್ರೇಮಿಗೇ ಸೀನು ಇಟ್ಟೆವು. ಅದೇ ಓಟದ ದೂರದ ಶಾಟಿನಲ್ಲಿ ಗೊರಸಿನ ಸದ್ದನ್ನು ಕೆಲವು ಫ್ರೇಮು ತಡಮಾಡಿದಾಗ ಬಯಲು ಎಷ್ಟು ಅಗಲವಿದೆ ಎಂಬುದು ಕಿವಿಗೇ ಗೊತ್ತಾಯಿತು. ಫೋನಿನಲ್ಲಿ ನೋಡಿದಾಗ ಮಾತ್ರ ಆ ಗೊರಸು ಮಾಯ. ಚಿಕ್ಕ ಸ್ಪೀಕರಿನಿಂದ ಕಡಿಮೆ ಕಂಪನಾಂಕದ ಸದ್ದು ಹೊರಡುವುದಿಲ್ಲ. ಗರಸು ಮಣ್ಣಿನ ಚರಚರ ಸದ್ದನ್ನು ಅದರ ಜೊತೆ ಸೇರಿಸಿದ ಮೇಲೆ ಸರಿಹೋಯಿತು.

ಮೊದಲ ಬರಹದಲ್ಲಿದ್ದ ಉಳಿದ ನೂರು ಪದ ಎಲ್ಲಿ ಹೋದವು? ವನ್ಯಧಾಮ ಘೋಷಣೆಯಾದದ್ದು 2016ರಲ್ಲಿ, ವಿಸ್ತಾರ ಸುಮಾರು 96 ಚದರ ಕಿಲೋಮೀಟರ್, ಹರಡಿರುವುದು ಬೀಳಗಿ, ಮುಧೋಳ ತಾಲ್ಲೂಕುಗಳಲ್ಲಿ. ಇವನ್ನೆಲ್ಲ ಮುಂದಿನ ದೃಶ್ಯಕ್ಕೆ, ಮೇಲಿನಿಂದ ತೆಗೆದ ಬಯಲಿನ ಶಾಟುಗಳ ಮೇಲೆ ಒಯ್ದೆ. ಅಲ್ಲಿ ಡ್ರೋನಿನ ಗಿರಗಿರ ಬಿಟ್ಟರೆ ಬೇರೆ ಸದ್ದೇ ಇರಲಿಲ್ಲ.

ಮಾತು ಕಡಿಮೆ ಮಾಡುವುದು ಎಲ್ಲ ಕಡೆ ಸರಿ ಎಂದು ನಾನು ಹೇಳುತ್ತಿಲ್ಲ. ಖಾನಾಪುರ ತಾಲ್ಲೂಕಿನ ಭೀಮಗಡದ ಬಾರಾಪೇಡೆ ಗುಹೆಯ ಬಾವಲಿಗಳನ್ನು ತೆಗೆದುಕೊಳ್ಳಿ. ರಾಟನ್ಸ್ ಫ್ರೀ ಟೇಲ್ಡ್ ಬ್ಯಾಟ್ ಎಂಬ ಆ ಜಾತಿ ಜಗತ್ತಿನಲ್ಲಿ ಇದೊಂದೇ ಜಾಗದಲ್ಲಿದೆ ಎಂದು ಬಹಳ ವರ್ಷ ತಿಳಿದಿದ್ದರು, ಆಮೇಲೆ ಮೇಘಾಲಯದಲ್ಲಿ, ಕಾಂಬೋಡಿಯಾದಲ್ಲಿ ಸಿಕ್ಕಿತು. ಕತ್ತಲ ಗುಹೆಯಲ್ಲಿ ತೂಗುವ ಬಾವಲಿಯನ್ನು ಎಷ್ಟು ಹೊತ್ತು ತೋರಿಸಿದರೂ ಈ ಸಂಗತಿ ಚಿತ್ರದಿಂದ ಹೊರಡುವುದಿಲ್ಲ. ಅಲ್ಲಿ ಮಾತನಾಡಲೇಬೇಕು, ಅದೂ ಮೊದಲೇ.

ಯಡಹಳ್ಳಿಯ ದೃಶ್ಯದ ಕೊನೆಗೆ ಒಂದು ದನಿ ಸೇರಿತು. ಕುರಿ ಕಾಯುವ ಹಿರಿಯರೊಬ್ಬರ ಜೊತೆ ಮಾತನಾಡಿದ್ದು ರೆಕಾರ್ಡರಿನಲ್ಲಿತ್ತು: 'ಚಿಗರಿ ಸೀನಿದ್ರ ನಾವು ಕುರಿ ಎಣಸ್ತೀವ್ರಿ. ತ್ವಾಳ ಅಲ್ಲೇ ಎಲ್ಲೋ ಐತಿ ಅಂತ ಅರ್ಥ.' ನಿರೂಪಕಿಯ ಮಾತು ಮುಗಿದ ಐದು ಸೆಕೆಂಡಿಗೆ ಅವರ ಮಾತು, ಖಾಲಿ ಬಯಲಿನ ಮೇಲೆ. ಅವರ ದನಿಯ ಹಿಂದೆ ಕುರಿಗಳ ಕೊರಳ ಗಂಟೆ ಕೇಳುತ್ತಿತ್ತು. ಅದನ್ನು ತೆಗೆದು ಸ್ವಚ್ಛ ಮಾಡಲೇ ಎಂದು ಸಹಾಯಕ ಕೇಳಿದ. ಬೇಡವೆಂದೆ. ಅವರ ಮಾತು ನಿಂತ ಮೇಲೂ ಗಂಟೆ ಹನ್ನೊಂದು ಸೆಕೆಂಡು ಉಳಿಯುತ್ತದೆ, ಅದರ ಮೇಲೆ ದೃಶ್ಯ ಮುಗಿಯುತ್ತದೆ.